ಉಪ್ಪಿನಕಾಯಿಗೊಂದು ಹೆಸರು: ಉಡುಪಿಯಲ್ಲಿ ಕುಳಿತು ನಾವು ಪಟ್ಟಿ ಸೋಸಿದ್ದು

ಅತ್ತಿಗೆಯೂ ನಾನೂ ಸೇರಿ ಮಾಡುವ ಉಪ್ಪಿನಕಾಯಿ, ಸಾರಿನ ಪುಡಿ, ಹುಳಿಪುಡಿಗಳಿಗೆ ಕೊನೆಗೂ ಒಂದು ಹೆಸರಾಯಿತು. ಟ್ರೇಡ್‌ಮಾರ್ಕ್ ಅರ್ಜಿ ಹೋದ ವಾರ ಸಲ್ಲಿಕೆಯಾಗಿದೆ, ಲೇಬಲ್ ಮುದ್ರಣಕ್ಕೆ ಹೋಗಿದೆ. ಹೆಸರು ಹುಡುಕುವುದಕ್ಕಿಂತ ಹುಡುಕಿದ್ದರಲ್ಲಿ ಒಂದನ್ನು ಆರಿಸುವುದೇ ನಮಗೆ ಹೆಚ್ಚು ಕಾಲ ಹಿಡಿಯಿತು. ಉಡುಪಿ, ಮಂಗಳೂರಿನಲ್ಲಿ ವ್ಯಾಪಾರ ಮಾಡುವವರಿಗೆ ಕನ್ನಡ ಒಂದನ್ನೇ ನೋಡಿದರೆ ಸಾಲದು. ಗಿರಾಕಿ ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿ ಭಾಷೆಯನ್ನೋ ಆಡುತ್ತಾನೆ, ಬೋರ್ಡನ್ನು ಕನ್ನಡದಲ್ಲಿ ಓದುತ್ತಾನೆ, ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಹುಡುಕುತ್ತಾನೆ. ಈ ದಾರಿಯಲ್ಲಿ ಬರುವವರಿಗೆ ಅನುಕೂಲವಾಗಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೊದಲು ಕಾಗದಪತ್ರದ ಒಂದು ವಿಷಯ. ನಮ್ಮದು ಇಬ್ಬರ ಪಾಲುದಾರಿಕೆ. ಪಾಲುದಾರಿಕೆ ಪತ್ರಕ್ಕೆ ಒಂದು ಹೆಸರು ಬೇಕು, ಅದು ಆದ ಮೇಲೆ ಪ್ಯಾನ್, ಪ್ಯಾನ್ ಬಂದ ಮೇಲೆ ಬ್ಯಾಂಕ್ ಖಾತೆ, ಉದ್ಯಮ್ ನೋಂದಣಿ. ಹೆಸರು ನಿಂತರೆ ಎಲ್ಲವೂ ನಿಲ್ಲುತ್ತದೆ ಎಂದು ನಾವು ಒದ್ದಾಡುತ್ತಿದ್ದಾಗ ಲೆಕ್ಕಪರಿಶೋಧಕರು ದಾರಿ ತೋರಿಸಿದರು: “ಸಂಸ್ಥೆಯ ಹೆಸರು ಬೇರೆ, ಬಾಟ್ಲಿ ಮೇಲಿನ ಹೆಸರು ಬೇರೆ ಇರಬಹುದು ಮಾರಾಯ್ರೆ. ಪತ್ರಕ್ಕೆ ಸಾದಾ ಒಂದು ಹೆಸರು ಕೊಡಿ, ಬ್ರ್ಯಾಂಡ್ ಹೆಸರನ್ನು ನಿಧಾನಕ್ಕೆ ನೋಡುವ.” ಹಾಗೆಯೇ ಮಾಡಿದೆವು. ಆಮೇಲೆ ನಮಗೆ ಸಿಕ್ಕ ಸಮಾಧಾನವೇ ಬೇರೆ. ಅವಸರದಲ್ಲಿ ಹೆಸರು ಇಡಬೇಕಾದ ಪ್ರಮೇಯ ಬರಲಿಲ್ಲ.

ಪಟ್ಟಿಯಲ್ಲಿ ಉಳಿದಿದ್ದವು ಆರು: ಮುಡಿ, ಹುಳಿಖಾರ, ಅಪ್ಪೆ, ಹಳ್ಳಿರುಚಿ, ರುಚಿನಾಕ, ಭರಣಿ. ಆರೂ ನಮಗೆ ಇಷ್ಟವಾದವೇ. ನನ್ನ ಮನಸ್ಸು ಮಾತ್ರ ಮೊದಲಿನಿಂದ ‘ಮುಡಿ’ಯ ಮೇಲಿತ್ತು.

ಕರಾವಳಿಯಲ್ಲಿ ಹುಟ್ಟಿದವರಿಗೆ ಮುಡಿ ಎಂದರೆ ಅಕ್ಕಿಮುಡಿ. ಬೈಹುಲ್ಲನ್ನು ಹೊಸೆದು ಸುತ್ತಿ, ಹಗ್ಗ ಬಿಗಿದು, ಮಳೆಗಾಲಕ್ಕೂ ಕೆಡದಂತೆ ಅಕ್ಕಿ ಇಡುತ್ತಿದ್ದ ಆ ದುಂಡನೆಯ ಕಟ್ಟು. ಗೇಣಿಯನ್ನೂ ಮುಡಿಯ ಲೆಕ್ಕದಲ್ಲೇ ಅಳೆಯುತ್ತಿದ್ದ ಊರು ಇದು. ಎರಡೇ ಅಕ್ಷರ, ಒತ್ತಕ್ಷರ ಇಲ್ಲ, ಲೋಗೋಗೆ ಚಿತ್ರವೂ ಸಿದ್ಧ. ಮಣಿಪಾಲದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿರುವ ಹುಬ್ಬಳ್ಳಿಯ ಹುಡುಗಿಗೆ ಚೀಟಿಯಲ್ಲಿ ಬರೆದು ತೋರಿಸಿದೆ. “ಅಕ್ಕಾ, ಕೂದಲೆಣ್ಣೆ ಏನ್ರಿ?” ಎಂದು ಕೇಳಿದಳು. ಉಪ್ಪಿನಕಾಯಿ ಎಂದಾಗ ಅವಳ ಮುಖ ಸಣ್ಣದಾಯಿತು. ಘಟ್ಟದ ಮೇಲೆ ಮುಡಿ ಎಂದರೆ ತಲೆಗೂದಲು. ದೇವರಿಗೆ ಮುಡಿ ಕೊಡುವುದು, ಮುಡಿಗೆ ಹೂ ಮುಡಿಯುವುದು. ಅದು ನನಗೆ ಗೊತ್ತಿಲ್ಲದ ಅರ್ಥವಲ್ಲ, ಆದರೆ ಅಕ್ಕಿಯ ಚಿತ್ರ ಇದ್ದರೆ ಓದುವವರು ಅಕ್ಕಿಮುಡಿಯನ್ನೇ ಹಿಡಿಯುತ್ತಾರೆ ಎಂದು ನಾನು ವಾದಿಸಿದೆ.

ಆ ವಾದವನ್ನು ಮುರಿದದ್ದು ಅತ್ತಿಗೆ. ಅವರು ಹೆಸರನ್ನು ಹಾಗೇ ಇಟ್ಟು ನೋಡಲಿಲ್ಲ, ವಾಕ್ಯದಲ್ಲಿ ಹಾಕಿ ಹೇಳಿದರು: “ಮುಡಿಯ ಉಪ್ಪಿನಕಾಯಿ ಉಂಟಾ? ಮುಡಿ ಹುಳಿಪುಡಿ ಒಂದು ಪ್ಯಾಕೆಟ್ ಕೊಡಿ.” ಅಂಗಡಿಯಲ್ಲಿ ಗಿರಾಕಿ ಕೇಳುವುದು ಹೀಗೆಯೇ. ಚಿತ್ರ ಆಗ ಕಣ್ಣೆದುರು ಇರುವುದಿಲ್ಲ. ಊಟದ ವಸ್ತುವಿನ ಪಕ್ಕ ಕೂದಲಿನ ಮಾತು ಬಂದರೆ ಮನಸ್ಸು ಹಿಂದೆ ಸರಿಯುತ್ತದೆ, ಅಕ್ಕಿಮುಡಿಯ ಎಷ್ಟೇ ಅಭಿಮಾನವಿದ್ದರೂ. ಬಟ್ಟೆ ಅಂಗಡಿಗೆ, ಅಕ್ಕಿ ವ್ಯಾಪಾರಕ್ಕೆ ಅದೇ ಹೆಸರು ಚೆನ್ನಾಗಿಯೇ ಹೊಂದಬಹುದು. ಆ ಸಂಜೆ ನನಗೆ ನಿಜಕ್ಕೂ ಬೇಸರವಾಯಿತು. ಆದರೆ ಅಲ್ಲಿಂದ ಮುಂದಕ್ಕೆ ನಮ್ಮ ನಿಯಮ ಅದೇ ಆಯಿತು: ಹೆಸರಿನ ಒಳ್ಳೆಯ ಅರ್ಥವನ್ನು ಬದಿಗಿಡುವುದು, ಅದಕ್ಕೆ ಬರಬಹುದಾದ ತೀರಾ ಕೆಟ್ಟ ಅರ್ಥವನ್ನು ವಸ್ತುವಿನ ಪಕ್ಕ ಇಟ್ಟು ನೋಡುವುದು. ಷಷ್ಠಿ, ಸಪ್ತಮಿ ಎಲ್ಲ ವಿಭಕ್ತಿಯಲ್ಲೂ ಒಮ್ಮೆ ಗಟ್ಟಿಯಾಗಿ ಹೇಳುವುದು.

‘ಹುಳಿಖಾರ’ ಈ ಪರೀಕ್ಷೆಯಲ್ಲಿ ಮೊದಲು ಪಾಸಾಯಿತು. ಅರ್ಥದಲ್ಲಿ ತೊಡಕಿಲ್ಲ, ಹೇಳಲು ಸುಲಭ, ಕೇಳಿದರೆ ಬಾಯಲ್ಲಿ ನೀರು. ತೊಡಕು ಬಂದದ್ದು ಪ್ರೆಸ್ಸಿನಲ್ಲಿ. ನೂರು ಗ್ರಾಂ ಪುಡಿಯ ಸಣ್ಣ ಪ್ಯಾಕೆಟ್ಟಿಗೆ ಮಾದರಿ ಸ್ಟಿಕ್ಕರ್ ತೆಗೆಸಿದೆವು. ಬಣ್ಣದ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ. ಪ್ರೆಸ್ಸಿನವರೇ ಕನ್ನಡಕ ಸರಿಮಾಡಿಕೊಂಡು ಓದಿದರು, ಓದಿ ನಿಲ್ಲಿಸಿದರು. ‘ಳಿ’ಯ ಗುಡಿಸು ಒಂದು ಸಣ್ಣ ಸುರುಳಿ. ಅಕ್ಷರ ಚಿಕ್ಕದಾದಾಗ ಸುತ್ತಲಿನ ಬಣ್ಣ ಹರಡಿ ಆ ಸುರುಳಿ ಮುಚ್ಚಿಹೋಗುತ್ತದೆ, ಉಳಿದದ್ದು ತಲೆಕಟ್ಟಿನ ಹಾಗೆ ಕಾಣುತ್ತದೆ. ಆಗ ಪ್ಯಾಕೆಟ್ಟಿನ ಮೇಲೆ ಇರುವುದು ‘ಹುಳಖಾರ’. ತಿನ್ನುವ ಪುಡಿಯ ಮೇಲೆ ಹುಳ ಎಂಬ ಮಾತು! ದೊಡ್ಡ ಬೋರ್ಡಿನಲ್ಲಿ ಇದು ಎಂದಿಗೂ ಗೊತ್ತಾಗುತ್ತಿರಲಿಲ್ಲ. ಕಂಪ್ಯೂಟರ್ ಪರದೆಯ ಮೇಲೆಯೂ ಹಿಗ್ಗಿಸಿ ನೋಡುವುದರಿಂದ ಗೊತ್ತಾಗುವುದಿಲ್ಲ.

ಆದ್ದರಿಂದ ನಿಮ್ಮ ಅತಿ ಚಿಕ್ಕ ಪ್ಯಾಕೆಟ್ ಯಾವುದೋ ಆ ಅಳತೆಯಲ್ಲೇ ಮುದ್ರಿಸಿ, ಅದರದ್ದೊಂದು ಜೆರಾಕ್ಸ್ ತೆಗೆದು, ಕೈಯಳತೆಯ ದೂರದಲ್ಲಿ ಹಿಡಿದು ಬೇರೆಯವರಿಂದ ಓದಿಸಿ. ನೀವೇ ಓದಬೇಡಿ, ನಿಮಗೆ ಹೆಸರು ಮೊದಲೇ ಗೊತ್ತಿರುವುದರಿಂದ ಕಣ್ಣು ತಾನೇ ತುಂಬಿಸಿಕೊಳ್ಳುತ್ತದೆ. ಹೆಸರಿನ ಜೀವ ಒಂದು ಗುಡಿಸಿನ ಮೇಲೋ ಒಂದು ದೀರ್ಘದ ಮೇಲೋ ನಿಂತಿದ್ದರೆ, ಅದು ಬಿದ್ದುಹೋದಾಗ ಏನು ಉಳಿಯುತ್ತದೆ ಎಂದು ಕೇಳಿಕೊಳ್ಳಿ. ನಮ್ಮ ಹುಳಿಪುಡಿಗೂ ಇದೇ ಅಪಾಯ ಇತ್ತು. ಅದು ವಸ್ತುವಿನ ಹೆಸರಾದ್ದರಿಂದ ಬಿಡುವಂತಿಲ್ಲ. ಅಕ್ಷರ ದೊಡ್ಡದು ಮಾಡಿಸಿ, ಬಿಳಿ ಹಿನ್ನೆಲೆಗೆ ಕಪ್ಪು ಶಾಯಿ ಹಾಕಿಸಿದೆವು.

ಹುಳಿಖಾರಕ್ಕೆ ಇನ್ನೊಂದು ಪೆಟ್ಟು ಇಂಗ್ಲಿಷ್ ಅಕ್ಷರದಿಂದ ಬಂತು. ಆಹಾರದ ಪ್ಯಾಕೆಟ್ಟಿನ ಮೇಲೆ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಲೇಬೇಕು, ಕನ್ನಡ ಅದರ ಜೊತೆಗೆ. ಹಾಗಾಗಿ ಬ್ರ್ಯಾಂಡ್ ಹೆಸರನ್ನೂ ಎರಡೂ ಲಿಪಿಯಲ್ಲಿ ಹಾಕುವುದು ರೂಢಿ. ಇಂಗ್ಲಿಷ್ ಅಕ್ಷರಕ್ಕೆ ಲ, ಳ ಎರಡೂ ಒಂದೇ. ಹ್ರಸ್ವ ದೀರ್ಘವೂ ಬರೆಯುವವರ ಇಷ್ಟ. ನಾವು ಚೀಟಿಯಲ್ಲಿ Huli Khara ಎಂದಷ್ಟೇ ಬರೆದು, ಇದನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ಹಲವರನ್ನು ಕೇಳಿದೆವು. ‘ಹುಲಿ’ ಎಂದು ಬರೆದವರು ಕಡಿಮೆಯೇನಿರಲಿಲ್ಲ. ಹುಲಿವೇಷದ ಊರಿನಲ್ಲಿ ಅದು ಅಷ್ಟೊಂದು ಅಪಾಯವಲ್ಲ. ಆದರೆ Halli Ruchi ಎಂಬ ಚೀಟಿ ಕೊಟ್ಟಾಗ ಪ್ರೈಮರಿ ಶಾಲೆಯ ಒಬ್ಬ ಹುಡುಗ ಮುದ್ದಾದ ಅಕ್ಷರದಲ್ಲಿ ‘ಹಲ್ಲಿ ರುಚಿ’ ಎಂದು ಬರೆದು ಕೊಟ್ಟ. ಹಳ್ಳಿರುಚಿ ಅಲ್ಲಿಗೇ ಮುಗಿಯಿತು. ಹಾಲು ಮಾರುವವರು ‘ಹಾಳು’ ಓದಬಾರದೆಂದೂ, ಕಲ್ಲುಗಾಣದ ಎಣ್ಣೆ ಮಾರುವವರು ‘ಕಳ್ಳು’ ಓದಬಾರದೆಂದೂ ಇದೇ ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. ಲಕಾರ, ಳಕಾರ ಇರುವ ಯಾವ ಹೆಸರಿಗೂ ಇದನ್ನು ತಪ್ಪಿಸಬೇಡಿ.

‘ಅಪ್ಪೆ’ಯನ್ನು ಸೂಚಿಸಿದ್ದು ಅತ್ತಿಗೆಯೇ. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ. ಮಂಗಳೂರಿನ ಕಾರ್‌ಸ್ಟ್ರೀಟಿನಲ್ಲಿ ನಮ್ಮ ಮಾಲು ತೆಗೆದುಕೊಳ್ಳುವ ಅಂಗಡಿಯವರಿಗೆ ಹೇಳಿದಾಗ ಅವರ ಕಣ್ಣು ಅರಳಿತು, ಅಮ್ಮನ ಕೈಯ ಉಪ್ಪಿನಕಾಯಿ ಎಂದು ಅವರೇ ಬಿಡಿಸಿ ಹೇಳಿದರು. ಆದರೆ ಶಿರಸಿ, ಸಾಗರದ ಕಡೆಯವರಿಗೆ ಅಪ್ಪೆ ಎಂದರೆ ಅಪ್ಪೆಮಿಡಿ. ಹೊಳೆಬದಿಯಲ್ಲಿ ಬೆಳೆಯುವ, ಸೊನೆಯ ಪರಿಮಳಕ್ಕೆ ಹೆಸರಾದ ಆ ಮಾವಿನಮಿಡಿ. ಸಾಗರದ ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ನಾವು ಬಳಸುವುದು ಇಲ್ಲಿಯ ಕಾಟುಮಾವಿನ ಮಿಡಿ. ಬಾಟ್ಲಿಯ ಮೇಲೆ ಅಪ್ಪೆ ಎಂದಿದ್ದು ಒಳಗೆ ಬೇರೆ ಮಿಡಿ ಇದ್ದರೆ ಅದು ಗಿರಾಕಿಗೆ ಮಾಡಿದ ಮೋಸವಾಗಿಯೇ ಕಾಣುತ್ತದೆ, ನಮ್ಮ ಮನಸ್ಸಿನಲ್ಲಿ ತಾಯಿ ಇದ್ದರೂ.

ವಕೀಲರು ಕಾನೂನಿನ ಕಡೆಯಿಂದಲೂ ಅದನ್ನೇ ಹೇಳಿದರು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ವಸ್ತುವಿನ ಗುಣವನ್ನೋ ಜಾತಿಯನ್ನೋ ಹುಟ್ಟಿದ ಜಾಗವನ್ನೋ ಬರಿದೇ ಹೇಳುವ ಪದವನ್ನು ಸಾಮಾನ್ಯವಾಗಿ ಒಬ್ಬರ ಹೆಸರಿಗೆ ಕೊಡುವುದಿಲ್ಲ, ಜನರನ್ನು ದಾರಿತಪ್ಪಿಸುವಂತಿದ್ದರೂ ಕೊಡುವುದಿಲ್ಲ. ಅಪ್ಪೆಮಿಡಿ ಹಾಕಿ ಮಾಡಿದರೆ ಅದು ವರ್ಣನೆ, ಹಾಕದೆ ಮಾಡಿದರೆ ತಪ್ಪು ವರ್ಣನೆ. ಎರಡು ಕಡೆಯೂ ಬಾಗಿಲು ಮುಚ್ಚಿದ ಹಾಗೆ. ಅದೇ ಹೆಸರನ್ನು ಹೊಲಿಗೆ ಅಂಗಡಿಗೋ ಶಿಶುವಿಹಾರಕ್ಕೋ ಇಟ್ಟಿದ್ದರೆ ಈ ತೊಂದರೆ ಬರುತ್ತಿರಲಿಲ್ಲ.

‘ರುಚಿನಾಕ’ ಮಾವನ ಕೊಡುಗೆ. ಅವರು ನಿವೃತ್ತ ಕನ್ನಡ ಮಾಸ್ತರರು. ನಾಕ ಎಂದರೆ ಸ್ವರ್ಗ, ರುಚಿಯ ಸ್ವರ್ಗ. ಹಳೆಗನ್ನಡ ಓದಿದವರಿಗೆ ತುಂಬ ಚೆಂದದ ಪದ. ಮಾವನಿಗೆ ನೋವಾಗಬಾರದೆಂದು ಅದನ್ನು ನಾವು ಕೊನೆಯವರೆಗೆ ಪಟ್ಟಿಯಲ್ಲಿ ಇಟ್ಟುಕೊಂಡಿದ್ದೆವು. ಒಂದು ದಿನ ಎದುರು ಮನೆಯ ಕೊಂಕಣಿ ಮಾತಿನ ಅಜ್ಜಿಗೆ ಮಾವನೇ ಹೋಗಿ ಹೆಸರು ಹೇಳಿದರು. ಅಜ್ಜಿ ಎರಡು ಸಲ ಕೇಳಿಸಿಕೊಂಡು, “ರುಚಿ ಯಾಕೆ ಬೇಡ?” ಎಂದರು. ಕೊಂಕಣಿಯಲ್ಲಿ ‘ನಾಕಾ’ ಎಂದರೆ ಬೇಡ. ಮಂಗಳೂರು, ಉಡುಪಿಯ ಪೇಟೆಯಲ್ಲಿ ಕೊಂಕಣಿ ಮನೆಗಳೇನು ಒಂದೆರಡಲ್ಲ. ಮಾವ ಒಂದು ಮಾತೂ ಆಡದೆ ಮನೆಗೆ ಬಂದು ಪಟ್ಟಿಯಲ್ಲಿ ತಾವೇ ಗೀಟು ಹಾಕಿದರು. ಆಮೇಲೆ ಪ್ರತಿ ಪದಕ್ಕೂ ತುಳುವಿನವರು, ಕೊಂಕಣಿಯವರು, ಕುಂದಾಪುರದವರು, ಬ್ಯಾರಿ ಸಮುದಾಯದವರು, ಘಟ್ಟದ ಮೇಲಿನವರು ಎಂದು ಐದು ಕಿವಿ ಗೊತ್ತುಮಾಡಿ, ಅವರ ಮುಂದೆ ಹೇಳಿ ಬರುವ ಕೆಲಸವನ್ನು ಅವರೇ ವಹಿಸಿಕೊಂಡರು. ಅವರು ಕೇಳುತ್ತಿದ್ದುದು ‘ಹೆಸರು ಹೇಗಿದೆ’ ಎಂದಲ್ಲ. ಹಾಗೆ ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ‘ಈ ಹೆಸರಿನ ಅಂಗಡಿಯಲ್ಲಿ ಏನು ಸಿಗಬಹುದು?’ ಎಂದು ಕೇಳುತ್ತಿದ್ದರು. ಉತ್ತರದಲ್ಲಿ ಒಳಗಿನ ಅರ್ಥ ಹೊರಬೀಳುತ್ತದೆ.

ಉಳಿದದ್ದು ಭರಣಿ. ಉಪ್ಪಿನಕಾಯಿ ಹಾಕಿಡುವ ಪಿಂಗಾಣಿ ಭರಣಿಯನ್ನು ನೋಡದ ಮನೆ ಇಲ್ಲಿಲ್ಲ. ಐದು ಕಿವಿಗೂ ಅದು ಪಾತ್ರೆಯಾಗಿಯೇ ಕೇಳಿಸಿತು. ಘಟ್ಟದ ಮೇಲಿನವರಿಗೆ ಜೊತೆಗೆ ಭರಣಿ ಮಳೆಯೂ ನೆನಪಾಯಿತು, ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯೂ ಬಂತು. ಎರಡನೆಯ ಅರ್ಥವೂ ಶುಭವಾಗಿಯೇ ಇದ್ದ ಏಕೈಕ ಹೆಸರು ಇದು. ಫೋನಿನಲ್ಲಿ ಹೇಳಿ ಬರೆಸಿದಾಗ ಅರ್ಧದಷ್ಟು ಜನ ಮಹಾಪ್ರಾಣ ಬಿಟ್ಟು ‘ಬರಣಿ’ ಎಂದು ಬರೆದರು. ಬರೆದರೇನು, ಅದೂ ಅದೇ ಪಾತ್ರೆ. ತಪ್ಪಾಗಿ ಹೇಳಿದರೂ ಸರಿಯಾದ ವಸ್ತುವಿಗೇ ಹೋಗಿ ಮುಟ್ಟುತ್ತದೆ.

ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಟ್ರೇಡ್‌ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ಅಕ್ಷರ ಕೂಡಿಸಿ ಹುಡುಕುವುದು ಒಂದು ಬಗೆ, ಉಚ್ಚಾರ ಹೋಲುವುದನ್ನು ಹುಡುಕುವ Phonetic ಎಂಬುದು ಇನ್ನೊಂದು. ಎರಡನ್ನೂ ಮಾಡಬೇಕು, Bharani, Barani, Barni ಹೀಗೆ ಎಲ್ಲ ಬರಹದಲ್ಲೂ ಹುಡುಕಬೇಕು. ಉಪ್ಪಿನಕಾಯಿ 29ನೇ ವರ್ಗಕ್ಕೆ, ಮಸಾಲೆ ಪುಡಿ 30ನೇ ವರ್ಗಕ್ಕೆ ಸೇರುವುದರಿಂದ ಎರಡು ವರ್ಗದಲ್ಲೂ ನೋಡಿದೆವು. ಹೋಲುವ ಹೆಸರುಗಳು ಕಣ್ಣಿಗೆ ಬಿದ್ದವು. ಬರಿ ಭರಣಿ ಎಂದು ಹಾಕಿದರೆ ಆಕ್ಷೇಪ ಬರುವ ಸಂಭವ ಹೆಚ್ಚು ಎಂದು ವಕೀಲರು ಹೇಳಿದಾಗ ಅತ್ತಿಗೆ ತುಂಬ ಹೊತ್ತು ಸುಮ್ಮನೆ ಕುಳಿತಿದ್ದರು. ಅಷ್ಟು ಜನರ ಬಾಯಲ್ಲಿ ಹೇಳಿಸಿ ಗೆದ್ದ ಹೆಸರು ಅದು.

ಮಾವ ಒಂದು ಪದ ಕೂಡಿಸಿದರು: ‘ಅಟ್ಟದ ಭರಣಿ’. ಮಿಡಿ ಉಪ್ಪಿನಕಾಯಿಯ ಭರಣಿಯನ್ನು ಬಟ್ಟೆ ಬಿಗಿದು ಅಟ್ಟದ ಕತ್ತಲಲ್ಲಿ ಇಡುವುದು ನಮ್ಮ ಕಡೆಯ ಪದ್ಧತಿ. ಮತ್ತೆ ಮೊದಲಿನಿಂದ ಎಲ್ಲ ಪರೀಕ್ಷೆ. ತುಳುವಿನಲ್ಲೂ ಅಟ್ಟ ಅಟ್ಟವೇ. Attada ಎಂದು ಬರೆದುಕೊಟ್ಟರೆ ಕೆಲವರು ‘ಆಟದ’ ಎಂದು ಓದಿದರು, ಇಲ್ಲಿ ಆಟ ಎಂದರೆ ಯಕ್ಷಗಾನ. ಅಟ್ಟಕ್ಕೆ ಹಾಕಿದ್ದು ಎಂದರೆ ಬೇಡದ ಹಳೆಯ ಸಾಮಾನು ಎಂಬ ಧ್ವನಿಯೂ ಇದೆಯಲ್ಲ ಎಂದು ಒಬ್ಬರು ಕೇಳಿದರು. ಅದು ಗಂಭೀರ ಪ್ರಶ್ನೆಯೇ. ಪುಡಿಗೆ ಹಳೆಯದು ಎಂಬ ಮಾತು ಒಳ್ಳೆಯದಲ್ಲ, ಉಪ್ಪಿನಕಾಯಿಗೆ ಹಾಗಲ್ಲ. ನಮ್ಮ ಮಾರಾಟದಲ್ಲಿ ಹೆಚ್ಚಿನ ಪಾಲು ಉಪ್ಪಿನಕಾಯಿಯದ್ದು, ಹಾಗಾಗಿ ಒಪ್ಪಿಕೊಂಡೆವು. ಪುಡಿಯ ಪ್ಯಾಕೆಟ್ಟಿನ ಮೇಲೆ ಹುರಿದ ತಿಂಗಳನ್ನು ಎದ್ದು ಕಾಣುವಂತೆ ಹಾಕಿದ್ದೇವೆ.

ಅಡಿಬರಹದ್ದು ಬೇರೆಯೇ ಕಥೆ. ವಿನ್ಯಾಸ ಮಾಡುವ ಬೆಂಗಳೂರಿನ ಹುಡುಗ ಕಳಿಸಿದ್ದರಲ್ಲಿ ‘ರುಚಿಗೂ ಸೈ, ಆರೋಗ್ಯಕ್ಕೂ ಸೈ’ ಎಂಬುದು ಎಲ್ಲರಿಗೂ ಹಿಡಿಸಿತ್ತು. ಕಾರ್‌ಸ್ಟ್ರೀಟಿನ ಅಂಗಡಿಯವರು ಮಾತ್ರ ತಲೆ ಆಡಿಸಿದರು. ತುಳುವಿನಲ್ಲಿ ‘ಸೈಪುನಿ’ ಎಂದರೆ ಸಾಯುವುದು. ಕನ್ನಡ ಬಲ್ಲ ತುಳುವರಿಗೆ ಅರ್ಥ ಆಗದೆ ಇರುವುದಿಲ್ಲ, ಆದರೆ ಆರೋಗ್ಯದ ಪಕ್ಕ ಆ ಸದ್ದು ಬೇಡ ಎಂದರು. ಆರೋಗ್ಯದ ಮಾತನ್ನು ಆಹಾರದ ಲೇಬಲಿನ ಮೇಲೆ ಸುಮ್ಮನೆ ಬರೆಯುವಂತೆಯೂ ಇಲ್ಲ, ಅಂಥ ಹೇಳಿಕೆಗಳಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳಿವೆ. ‘ತಿಂದು ತೇಗಿ’ ಎಂಬುದು ಸರ್ಕಾರದ ದುಡ್ಡು ನುಂಗಿದವರ ಬಗ್ಗೆ ಆಡುವ ಮಾತಾಯಿತು. ‘ಅಜ್ಜಿಯ ರುಚಿ’ಯಲ್ಲಿ ಕೈ ಬಿಟ್ಟುಹೋಗಿ ಅರ್ಥ ಕೆಟ್ಟಿತ್ತು. ಕೈ ಸೇರಿಸಿ ‘ಒಮ್ಮೆ ನಮ್ಮ ಕೈರುಚಿ ನೋಡಿ’ ಎಂದರೆ ಜಗಳಕ್ಕೆ ಕರೆದ ಹಾಗಾಯಿತು. ನನಗೆ ಇಷ್ಟವಾಗಿದ್ದ ‘ಮಳೆಗಾಲಕ್ಕೆ ಕಾಪಿಟ್ಟ ರುಚಿ’ಯನ್ನು ಗಟ್ಟಿಯಾಗಿ ಓದಿಸಿದಾಗ ಕೇಳಿದವರಿಗೆ ಕಾಪಿ, ಅಂದರೆ ಕಾಫಿ, ಕಿವಿಗೆ ಬಿತ್ತು. ಒಂದೇ ಪದ ಬದಲಾಯಿಸಿ ‘ಮಳೆಗಾಲಕ್ಕೆ ಎತ್ತಿಟ್ಟ ರುಚಿ’ ಎಂದು ಮಾಡಿದೆವು. ಅಡಿಬರಹವನ್ನು ಕಣ್ಣಿನಿಂದ ಓದಿ ಒಪ್ಪಬೇಡಿ, ಒಬ್ಬರು ಓದಿ ಇನ್ನೊಬ್ಬರು ಕೇಳಬೇಕು.

ಖರ್ಚಿನ ವಿಚಾರ. ಆನ್‌ಲೈನ್ ಅರ್ಜಿಗೆ ಸರ್ಕಾರಿ ಶುಲ್ಕ ಒಂದು ವರ್ಗಕ್ಕೆ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ 4,500 ರೂಪಾಯಿ, ಉಳಿದವರಿಗೆ 9,000. ನಮ್ಮದು ಪಾಲುದಾರಿಕೆ ಆದ್ದರಿಂದ ಕಡಿಮೆ ಶುಲ್ಕಕ್ಕೆ ಉದ್ಯಮ್ ಪ್ರಮಾಣಪತ್ರ ಬೇಕಾಯಿತು. ಆ ನೋಂದಣಿ ಉಚಿತ, ಅದಕ್ಕೆ ದುಡ್ಡು ಕೇಳುವ ಖಾಸಗಿ ತಾಣಗಳಿಗೆ ಹೋಗಬೇಡಿ. ಎರಡು ವರ್ಗಕ್ಕೆ ನಮಗೆ 9,000 ಆಯಿತು, ವಕೀಲರ ಶುಲ್ಕ ಬೇರೆ. ಗುರುತಿನಲ್ಲಿ ಕನ್ನಡ ಲಿಪಿ ಇದ್ದರೆ ಅದರ ಉಚ್ಚಾರವನ್ನು ಇಂಗ್ಲಿಷ್ ಅಥವಾ ಹಿಂದಿ ಅಕ್ಷರದಲ್ಲಿ ಬರೆದು, ಅರ್ಥವನ್ನೂ ಭಾಷೆಯ ಹೆಸರನ್ನೂ ಅರ್ಜಿಯಲ್ಲಿ ಕೊಡಬೇಕು. ಅಲ್ಲಿ ಬರೆಯುವ ಇಂಗ್ಲಿಷ್ ಅಕ್ಷರಜೋಡಣೆಯನ್ನೇ ಲೇಬಲ್ಲಿಗೂ ಬಳಸುವುದು ಒಳ್ಳೆಯದು, ಆದ್ದರಿಂದ ಅದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ.

ಅರ್ಜಿ ಹೋದ ಮೇಲೂ ಒಂದು ಗಂಡಾಂತರ ಕಾದಿತ್ತು. ಲೇಬಲ್ಲಿನ ಅಂತಿಮ ಪ್ರತಿ ಬಂದಾಗ ‘ಅಟ್ಟದ’ ಎಂಬುದು ಒಡೆದು ‘ಅಟ್‌ಟದ’ ಆಗಿತ್ತು. ನಾವು ಫೋನಿನಿಂದ ಕಳಿಸಿದ ಯೂನಿಕೋಡ್ ಅಕ್ಷರವನ್ನು ಪ್ರೆಸ್ಸಿನ ಹಳೆಯ ವಿನ್ಯಾಸ ತಂತ್ರಾಂಶಕ್ಕೆ ಅಂಟಿಸಿದಾಗ ಒತ್ತಕ್ಷರ ಕೂಡಿಕೊಂಡಿರಲಿಲ್ಲ. ಸರಿಯಾಗಿ ಮೂಡುವ ತಂತ್ರಾಂಶದಲ್ಲಿ ಹೆಸರನ್ನು ಬರೆದು, ಅಕ್ಷರವನ್ನು ಚಿತ್ರರೇಖೆಯಾಗಿ, ಅಂದರೆ ಪ್ರೆಸ್ಸಿನವರು ಕರ್ವ್ ಎನ್ನುವ ರೂಪಕ್ಕೆ, ಪರಿವರ್ತಿಸಿ ಕಳಿಸಿದರೆ ಆಮೇಲೆ ಯಾವ ಗಣಕದಲ್ಲೂ ಒಡೆಯುವುದಿಲ್ಲ. ಪ್ರತಿ ಸಲ ಪ್ರೂಫ್ ಬಂದಾಗಲೂ ಹೆಸರನ್ನೇ ಮೊದಲು ನೋಡಿ. ಒಳಗಿನ ಪದಾರ್ಥಪಟ್ಟಿ ಓದುವ ಗಡಿಬಿಡಿಯಲ್ಲಿ ದೊಡ್ಡ ಅಕ್ಷರದ ದೋಷ ತಪ್ಪಿಹೋಗುವುದೇ ಹೆಚ್ಚು.

ಬೋರ್ಡಿಗೆ 2024ರ ತಿದ್ದುಪಡಿ ಕಾನೂನಿನಂತೆ ಕನ್ನಡ ಶೇ 60ರಷ್ಟು ಇರಬೇಕು, ಅದೂ ಮೇಲ್ಭಾಗದಲ್ಲಿ. ವಿನ್ಯಾಸದಲ್ಲಿ ಇಂಗ್ಲಿಷ್ ಮೇಲೆ ಬಂದಿದ್ದನ್ನು ತಿರುಗಿಸಿ ಹಾಕಿಸಿದೆವು. ಅರ್ಜಿ ಸಂಖ್ಯೆ ಬಂದಿರುವುದರಿಂದ ಹೆಸರಿನ ಪಕ್ಕ ™ ಹಾಕಿದ್ದೇವೆ. ವೃತ್ತದೊಳಗಿನ ® ಗುರುತನ್ನು ನೋಂದಣಿ ಆಗುವ ತನಕ ಹಾಕುವಂತಿಲ್ಲ. ಟ್ರೇಡ್‌ಮಾರ್ಕ್ ಇಲಾಖೆಯ ಪರೀಕ್ಷಾ ವರದಿಯಲ್ಲಿ ಆಕ್ಷೇಪ ಬಂದರೆ ಅದು ಕೈಸೇರಿದ 30 ದಿನದೊಳಗೆ ಉತ್ತರ ಕೊಡಬೇಕು, ಇಲಾಖೆಯ ಜರ್ನಲ್ಲಿನಲ್ಲಿ ಹೆಸರು ಪ್ರಕಟವಾದ ಮೇಲೆ 4 ತಿಂಗಳು ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ಭರಣಿ ಎಂಬ ಪದಕ್ಕೆ ಪ್ರಶ್ನೆ ಬರಬಹುದೆಂದು ವಕೀಲರು ಮೊದಲೇ ಹೇಳಿರುವುದರಿಂದ, ಅಟ್ಟದ ಭರಣಿ ಎಂಬ ಹೆಸರಿನಲ್ಲಿ ಮಾಡಿದ ಪ್ರತಿ ಬಿಲ್ಲನ್ನೂ ಮೊದಲ ಲೇಬಲ್ಲಿನ ಪ್ರತಿಯನ್ನೂ ತಾರೀಖಿನ ಸಮೇತ ಒಂದು ಕಡತದಲ್ಲಿ ಜೋಡಿಸಲು ಅತ್ತಿಗೆ ಈಗಾಗಲೇ ಶುರುಮಾಡಿದ್ದಾರೆ.